ಗೋಡೆಯೊಳಗಿನ ಆರು ಮೊಳ

“ಗುರುಗಳೇ, ಒಬ್ಬರಿಗೆ ನಮ್ಮ ಮೇಲೆ ಪ್ರೀತಿ ಇದ್ದರೆ ಅದು ಹೊರಗೆ ಕಾಣಬೇಕಲ್ಲವೇ?”

ಬೆಳಗಿನ ಪಾಠ ಮುಗಿದಿತ್ತು. ಉಳಿದವರೆಲ್ಲ ಎದ್ದು ಹೋಗಿದ್ದರು. ಈ ಶಿಷ್ಯನೊಬ್ಬ ಮಾತ್ರ ಕುಳಿತೇ ಇದ್ದ. ಹಿಂದಿನ ದಿನ ಅವನ ತಂದೆ ಮಠಕ್ಕೆ ಬಂದಿದ್ದರು. ಮೂರು ವರ್ಷಗಳ ಮೇಲೆ ಬಂದವರು. ಮಗನ ಜೊತೆ ಜಗಲಿಯ ಮೇಲೆ ಕುಳಿತು, “ಊಟ ಒಗ್ಗುತ್ತದೆಯೇ?” ಎಂದು ಕೇಳಿದ್ದರು. ಒಗ್ಗುತ್ತದೆ ಎಂದ. “ಚಳಿಗೆ ಹೊದಿಕೆ ಕೊಡುತ್ತಾರೆಯೇ?” ಎಂದರು. ಕೊಡುತ್ತಾರೆ ಎಂದ. ಆಮೇಲೆ ತಂದೆ ಜಗಲಿಯ ಮೇಲೆಯೇ ಮಲಗಿದರು. ಬೆಳಿಗ್ಗೆ ಪಾಠ ಮುಗಿಯುವ ಹೊತ್ತಿಗೆ ಅವರು ಹೆಗಲ ಮೇಲೆ ಪಂಚೆ ಹಾಕಿಕೊಂಡು ಕೆರೆಯ ದಾರಿ ಹಿಡಿದು ಹೊರಟುಬಿಟ್ಟಿದ್ದರು.

“ಮೂರು ವರ್ಷದ ಮೇಲೆ ಎರಡೇ ಮಾತು. ಅದೂ ಊಟದ್ದು, ಹೊದಿಕೆಯದ್ದು. ಇಷ್ಟೇ ಏನು ಗುರುಗಳೇ?” ಎಂದ ಶಿಷ್ಯ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿ, ಒಬ್ಬಳು ಮಗಳು. ಮಗಳ ಹೆಸರು ಬನವ್ವ, ವಯಸ್ಸು ಹತ್ತು. ನೇಕಾರ ಮಾತು ಕಡಿಮೆಯವನು. ಎಷ್ಟು ಕಡಿಮೆ ಎಂದರೆ, ಮನೆಯಲ್ಲಿ ಮಗ್ಗದ ಸದ್ದು ಕೇಳಿದರೆ ಅಪ್ಪ ಇದ್ದಾನೆ, ಕೇಳದಿದ್ದರೆ ಇಲ್ಲ ಎಂದು ಮಗಳು ತಿಳಿದುಕೊಳ್ಳುತ್ತಿದ್ದಳು. ಅವಳು ಅವನನ್ನು ತುಂಬ ಹಚ್ಚಿಕೊಂಡಿದ್ದಳು. ಅವನಿಗೆ ತನ್ನ ಮೇಲೆ ಎಷ್ಟು ಅಕ್ಕರೆ ಎಂಬುದು ಮಾತ್ರ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವಳು ಅಡ್ಡ ನೂಲಿನ ಲಾಳಿ ಎತ್ತಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ. ಭೇಷ್ ಎಂದು ಒಂದು ದಿನವೂ ಅಂದವನಲ್ಲ.

ಆ ಊರಿನ ಗುಡಿಗೆ ಒಂದು ಗೋಪುರವಿತ್ತು. ಗರ್ಭಗುಡಿಯ ಮೇಲೆ ನೆಟ್ಟಗೆ ಎದ್ದದ್ದು, ನಾಲ್ಕೂ ಕಡೆ ಒಳಕ್ಕೆ ವಾಲುತ್ತಾ ಹೋಗಿ ತುದಿಯಲ್ಲಿ ಒಂದೇ ಕಲಶ ಹೊತ್ತದ್ದು. ಹನ್ನೆರಡು ವರ್ಷಕ್ಕೊಮ್ಮೆ ಆ ಗೋಪುರಕ್ಕೆ ಪಟ ಇಳಿಸುವ ಪದ್ಧತಿ. ಗುಡಿಯ ಹಿಂದಿನ ಅಂಗಳದಲ್ಲಿ ಹತ್ತಿ ನಿಲ್ಲಲು ಬಿದಿರಿನ ಸಾರುವೆ ಕಟ್ಟಿ, ಕಲಶದ ಮಟ್ಟಕ್ಕೆ ಸರಿಯಾಗಿ ಒಂದು ಬಿದಿರನ್ನು ಮುಂದಕ್ಕೆ ಚಾಚಿ, ಅಲ್ಲಿಂದ ಒಂದೇ ಉದ್ದನೆಯ ಬಟ್ಟೆಯನ್ನು ಕೆಳಗೆ ಬಿಡುತ್ತಿದ್ದರು. ಆ ಬಟ್ಟೆಗೆ ಮೇಲೊಂದು ಸೆರಗು, ಕೆಳಗೊಂದು ಸೆರಗು. ನಡುವೆ ಹೊಲಿಗೆ ಇರಕೂಡದು. ತುದಿಯನ್ನು ಮಡಿಸಕೂಡದು, ಕತ್ತರಿಸಕೂಡದು. ಕೆಳಗಿನ ಸೆರಗು ನೆಲ ಮುಟ್ಟಕೂಡದು. ನೆಲದಿಂದ ಒಂದು ಮೊಳಕ್ಕಿಂತ ಮೇಲೆ ನಿಲ್ಲಲೂ ಕೂಡದು. ಹಬ್ಬ ಮುಗಿದ ಮೇಲೆ ಆ ಪಟವನ್ನು ಹರಿದು ಊರಿನ ತೊಟ್ಟಿಲುಗಳಿಗೆ ಹಂಚುತ್ತಿದ್ದರು. ಹಾಗಾಗಿ ಹಳೆಯ ಪಟದ ಅಳತೆ ಯಾರ ಬಳಿಯೂ ಉಳಿಯುತ್ತಿರಲಿಲ್ಲ. ಉಳಿದಿದ್ದರೂ ಈ ಸಲ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಹಳೆಯ ಕಲಶ ಸಿಡಿಲಿಗೆ ಸೀಳಿದ್ದರಿಂದ ಹೊಸದನ್ನು ಕೂರಿಸಿದ್ದರು. ಅದಾದ ಮೇಲೆ ಅಂಗಳಕ್ಕೂ ಹೊಸ ಚಪ್ಪಡಿ ಹಾಸಿದ್ದರು.

ಈಗ ತೊಡಕು ಎಲ್ಲಿದೆ ನೋಡು. ಸಾರುವೆ ಕಟ್ಟುವುದು ಹಬ್ಬದ ವಾರ. ಪಟ ನೇಯಲು ಬೇಕಾದದ್ದು ಎರಡು ತಿಂಗಳು. ನೇಯುವ ಮೊದಲು ಹಾಸು ಹಾಕಬೇಕು, ಎಂದರೆ ಉದ್ದದ ನೂಲನ್ನೆಲ್ಲ ಬೀದಿಯಲ್ಲಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಬೇಕು. ಬಟ್ಟೆ ಎಷ್ಟು ಉದ್ದ ಎಂಬುದು ಹಾಸು ಹಾಕಿದ ದಿನವೇ ತೀರ್ಮಾನವಾಗಿ ಹೋಗುತ್ತದೆ. ಆಮೇಲೆ ಬ್ರಹ್ಮ ಬಂದರೂ ಅದಕ್ಕೆ ಒಂದು ಮೊಳ ಸೇರಿಸಲಾರ. ಆದ್ದರಿಂದ ಗೋಪುರದ ಎತ್ತರ ಮೊದಲೇ ಗೊತ್ತಾಗಬೇಕು. ಅದಕ್ಕೆ ನೇಯುವವನೇ ಗೋಪುರ ಹತ್ತಬೇಕು ಎಂದು ರೂಢಿ. ಒಂದು ಕೈಯಲ್ಲಿ ಕಲಶ ತಬ್ಬಿ, ಇನ್ನೊಂದು ಕೈಯಲ್ಲಿ ಉದ್ದನೆಯ ಬಿದಿರು ಚಾಚಿ, ಅದರ ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಬೇಕು. ಒಳಗೆ ಮೆಟ್ಟಿಲಿಲ್ಲ. ಗಾರೆಯ ಗೊಂಬೆಗಳ ಹೆಗಲು, ಮಂಡಿ ಹಿಡಿದೇ ಹತ್ತಬೇಕು.

ಹಿಂದಿನ ಸಲ ಹತ್ತಿದವನು ನೇಕಾರನ ಅಪ್ಪ. ಅವನು ಅಲ್ಲಿಂದಲೇ ಬಿದ್ದು ಸತ್ತದ್ದು.

ಬನವ್ವನಿಗೆ ಇದನ್ನು ಹೇಳಿದ್ದು ಅವಳ ಅವ್ವ. ಅವ್ವ ಹೇಳದ ಇನ್ನೊಂದು ಸಂಗತಿಯನ್ನು ಅವಳೇ ಕಂಡುಕೊಂಡಿದ್ದಳು. ಅಪ್ಪನ ಮಗ್ಗ ನೆಲದೊಳಗಿನ ಕುಣಿಮಗ್ಗ, ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥದ್ದು. ಚಳಿಗಾಲದ ಜ್ವರ ಬಿಟ್ಟ ಮೇಲೆ ಅಪ್ಪ ಕುಣಿಯಿಂದ ಮೇಲೆ ಬಂದಾಗಲೆಲ್ಲ ಗೋಡೆ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಸೊಂಟದ ಮಟ್ಟದ ಕುಣಿಯಿಂದ ಎದ್ದರೆ ತಲೆ ತಿರುಗುವವನು ಗೋಪುರದ ತುದಿಯಲ್ಲಿ ಹೇಗೆ ನಿಂತಾನು? ಮಗು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಅವಳಿಗೆ ಭಯ.

ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಬನವ್ವ ಅಪ್ಪನ ಹಾಸಿನ ಗೂಟಗಳ ಪಕ್ಕ ಕೂತಿದ್ದಳು. ಬೀದಿಯಲ್ಲಿ ಗೂಟಗಳು ಸಾಲಾಗಿದ್ದವು, ಕೆಲವು ಗಿಡ್ಡ, ಕೆಲವು ಎತ್ತರ. ಎಲ್ಲದರ ನೆರಳೂ ಒಂದೇ ಕಡೆ ಬಿದ್ದಿತ್ತು. ಮಾಡಲು ಕೆಲಸವಿಲ್ಲದ ಮಕ್ಕಳು ಮಾಡುವ ಹಾಗೆ ಅವಳು ಗೇಣಿಟ್ಟು ಅಳೆದಳು. ಒಂದು ಮೊಳದ ಗೂಟಕ್ಕೆ ಎರಡು ಮೊಳ ನೆರಳು. ಎರಡು ಮೊಳದ ಗೂಟಕ್ಕೆ ನಾಲ್ಕು ಮೊಳ. ಮೂರು ಗೇಣಿನದಕ್ಕೆ ಆರು ಗೇಣು. ಇನ್ನೊಂದು ಸಲ ಅಳೆದಾಗ ಹೊತ್ತು ಏರಿತ್ತು. ನೆರಳುಗಳೆಲ್ಲ ಗಿಡ್ಡವಾಗಿದ್ದವು, ಆದರೆ ಎಲ್ಲವೂ ಒಂದೇ ಲೆಕ್ಕದಲ್ಲಿ ಗಿಡ್ಡವಾಗಿದ್ದವು. ಎತ್ತರದ ಗೂಟಕ್ಕೆ ಒಂದು ನ್ಯಾಯ, ಗಿಡ್ಡ ಗೂಟಕ್ಕೆ ಇನ್ನೊಂದು ನ್ಯಾಯ ಎಂದು ಸೂರ್ಯನಲ್ಲಿ ಇರಲಿಲ್ಲ. ಹಾಗಿದ್ದರೆ ಗೋಪುರಕ್ಕೂ ಅದೇ ನ್ಯಾಯವಿರಬೇಕು. ಅದರ ತುದಿಗೆ ಹೋಗುವುದು ಬೇಡ. ತುದಿಯ ನೆರಳು ತಾನಾಗಿ ಅಂಗಳಕ್ಕೆ ಬರುತ್ತದೆ.

ನೀನು ಹುಬ್ಬು ಗಂಟಿಕ್ಕಬೇಡ. ನಿನಗೆ ಲೆಕ್ಕ ಕಂಡರೆ ಆಗದು ಎಂದು ನನಗೆ ಗೊತ್ತು. ಆ ಹುಡುಗಿಗೂ ಮಗ್ಗಿ ಹತ್ತರ ಆಚೆ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಪ್ಪನ ಅಳತೆಕೋಲು ಹಿಡಿದು ಗುಡಿಯ ಹಿಂದಿನ ಅಂಗಳಕ್ಕೆ ಹೋದಳು. ಬಟ್ಟೆ ಅಳೆಯುವ ಕೋಲು ಅದು, ಸರಿಯಾಗಿ ಎರಡು ಮೊಳ. ಗುಡಿ ಮೂಡಣಕ್ಕೆ ಮುಖ ಮಾಡಿದ್ದು, ಆದ್ದರಿಂದ ಬೆಳಗಿನ ನೆರಳೆಲ್ಲ ಹಿಂದಿನ ಅಂಗಳದಲ್ಲೇ ಬೀಳುತ್ತಿತ್ತು. ಮೊದಲು ತಂಬಿಗೆಯಿಂದ ಚಪ್ಪಡಿಯ ಮೇಲೆ ನೀರು ಸುರಿದಳು. ನೀರು ಒಂದೇ ಕಡೆ ಓಡದೆ ಸುತ್ತಲೂ ಹರಡಿತು. ನೆಲ ಮಟ್ಟವಾಗಿದೆ ಎಂದಾಯಿತು. ನೆಲ ಇಳಿಜಾರಾದರೆ ನೆರಳು ಸುಳ್ಳು ಹೇಳುತ್ತದೆ ಎಂಬುದನ್ನು ಬೀದಿಯಲ್ಲೇ ಕಂಡಿದ್ದಳು. ಚಪ್ಪಡಿಗಳ ಸಂದಿಯಲ್ಲಿ ಕೋಲು ನಿಲ್ಲಿಸಿ, ಬುಡಕ್ಕೆ ಕಲ್ಲು ಕೊಟ್ಟಳು. ಒಂದು ದಾರಕ್ಕೆ ಕಲ್ಲು ಕಟ್ಟಿ ಕೋಲಿನ ಪಕ್ಕ ಇಳಿಬಿಟ್ಟು, ಎರಡು ಕಡೆಯಿಂದ ನೋಡಿದಳು. ಕೋಲೂ ದಾರವೂ ಹೊಂದಿದ ಮೇಲೆ ಕೈ ಬಿಟ್ಟಳು.

ಕೋಲಿನ ನೆರಳು ನಾಲ್ಕು ಮೊಳ ಆಗುವ ತನಕ ಕಾದಳು. ಅದು ಅವಳ ಜಾಣತನ. ನೆರಳು ಸರಿಯಾಗಿ ಇಮ್ಮಡಿಯಾದಾಗ ಅಳೆದರೆ ಅರ್ಧ ಮಾಡಿದರೆ ಸಾಕು, ದೊಡ್ಡ ಲೆಕ್ಕ ಬೇಡ. ಆ ಗಳಿಗೆ ಬಂದ ಕೂಡಲೇ ಓಡಿ ಹೋಗಿ ಕಲಶದ ನೆರಳಿನ ತುದಿಗೆ ಒಂದು ಕಲ್ಲಿಟ್ಟಳು. ಅಷ್ಟು ಎತ್ತರದಿಂದ ಬಿದ್ದ ನೆರಳಿನ ಅಂಚು ಮಸುಕು. ಎಲ್ಲಿ ಮುಗಿಯಿತು ಎಂದು ಹೇಳುವುದು ಕಷ್ಟ. ಅವಳು ಬಿಳಿ ಬಟ್ಟೆಯ ತುಂಡೊಂದನ್ನು ಹಾಸಿ, ಕಪ್ಪು ಮುಗಿಯುವ ಜಾಗಕ್ಕೂ ಬೆಳಕು ಪೂರ್ತಿ ಬರುವ ಜಾಗಕ್ಕೂ ನಡುವೆ ಕಲ್ಲಿಟ್ಟಳು. ಆಮೇಲೆ ಮೊಳಕ್ಕೊಂದು ಗಂಟು ಹಾಕಿದ ಹುರಿಯಿಂದ, ಗುಡಿಯ ಗೋಡೆಯ ಬುಡದಿಂದ ಕಲ್ಲಿನ ತನಕ ಅಳೆದಳು. ಐವತ್ತನಾಲ್ಕು ಮೊಳ. ಅರ್ಧ ಮಾಡಿದಳು. ಇಪ್ಪತ್ತೇಳು.

ಮನೆಗೆ ಹೋಗಿ ಹೇಳಿದಾಗ ನೇಕಾರ ಮಗ್ಗ ನಿಲ್ಲಿಸಿ ಕೇಳಿದ. ಎದ್ದು ಬಂದು ಬಾಗಿಲ ಮುಂದಿನ ಚಪ್ಪರದ ಕಂಬ ತೋರಿಸಿ, “ಇದನ್ನ ಅಳದು ತೋರ್ಸು” ಎಂದ. ಅವಳು ಅದರ ನೆರಳು ಅಳೆದು, ಕೋಲಿನ ನೆರಳಿನೊಂದಿಗೆ ತಾಳೆ ನೋಡಿ, ಆರು ಮೊಳ ಎಂದಳು. ಅವನು ಕಂಬಕ್ಕೇ ಕೋಲು ಹಿಡಿದು ಅಳೆದ. ಆರು ಮೊಳ.  ಮಧ್ಯಾಹ್ನ ಹಾಸು ಹಾಕಲು ನೂಲು ತೆಗೆದಿಟ್ಟ. ಗೋಪುರ ಹತ್ತುವ ಮಾತು ಎತ್ತಲಿಲ್ಲ. ಬನವ್ವನಿಗೆ ಹಬ್ಬ ಅಂದೇ ಬಂದ ಹಾಗಾಯಿತು.

ಒಂದು ವಿದ್ಯೆ ಕೈಗೆ ಬಂದ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ನೀನು ಸಂಧಿ ಕಲಿತ ವಾರ ಅಡುಗೆಯವನ ಮಾತನ್ನೂ ಬಿಡಿಸಿ ನೋಡದೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ಅಪ್ಪನ ಕೋಲು ಹಿಡಿದು ಬೀದಿಯಲ್ಲಿ ಕಂಡದ್ದನ್ನೆಲ್ಲ ಅಳೆಯುತ್ತಾ ಹೋದಳು. ಬೇವಿನ ಮರದ ಕೆಳಗಿನ ಎಮ್ಮೆಯನ್ನು ಅಳೆಯಲು ನೋಡಿದಳು, ಅದು ನಿಲ್ಲಲಿಲ್ಲ. ಕೊನೆಗೆ ಒಬ್ಬ ರೈತನ ಬಣವೆ ಸಿಕ್ಕಿತು. ದುಂಡಗೆ ಒಟ್ಟಿದ ಮೇವಿನ ಬಣವೆ, ನಡುಗಂಬದ ತುದಿ ನೆತ್ತಿಯಲ್ಲಿ ಇಣುಕುತ್ತಿತ್ತು. ಕೋಲಿನ ನೆರಳು ಆಗ ಇಮ್ಮಡಿಯಾಗಿತ್ತು. ಬಣವೆಯ ಅಂಚಿನಿಂದ ಕಂಬದ ತುದಿಯ ನೆರಳಿಗೆ ಹದಿಮೂರು ಮೊಳ.

“ನಿಮ್ಮ ಬಣವಿ ಆರೂವರಿ ಮೊಳ ಐತ್ರಿ ಕಾಕಾ” ಎಂದಳು.

ರೈತ ನಕ್ಕ. “ಆ ನಡುಗಂಬ ನಾನೇ ಕಡದು ನೆಟ್ಟೀನವಾ. ನೆಲದ ಮ್ಯಾಲ ಎಂಟು ಮೊಳ ಐತಿ. ನಿನ್ನ ಕೋಲು ಒಂದೂವರಿ ಮೊಳ ನುಂಗಿ ಕುಂತೈತಿ ನೋಡು.”

ಅವನು ಕೆಟ್ಟವನಲ್ಲ. ನಗುತ್ತಲೇ ಬೀದಿಗೆ ಹೋದ. ಅಲ್ಲಿ ನೇಕಾರ ಇಪ್ಪತ್ತೇಳು ಮೊಳದ ಲೆಕ್ಕಕ್ಕೆ ಗೂಟ ಹೊಡೆಯುತ್ತಿದ್ದ. ರೈತ ನಗುತ್ತಲೇ ಬಣವೆಯ ಸಂಗತಿ ಅವನಿಗೂ ಹೇಳಿದ. ನೇಕಾರ ಸುತ್ತಿಗೆ ಕೆಳಗಿಟ್ಟ. ನಡುವಿಗೆ ಪಂಚೆ ಬಿಗಿದು, ದಾರದ ಉಂಡೆ ಎತ್ತಿಕೊಂಡು, ಗುಡಿಯ ಕಡೆ ನಡೆದ.

ಬನವ್ವನಿಗೆ ಇದು ಗೊತ್ತಿಲ್ಲ. ಅವಳು ಬಣವೆಯ ಮುಂದೆ ಅಳು ನುಂಗಿಕೊಂಡು ಕೂತಿದ್ದಳು. ಚಪ್ಪರದ ಕಂಬಕ್ಕೆ ನಿಜ ಹೇಳಿದ ನೆರಳು ಬಣವೆಗೆ ಯಾಕೆ ಸುಳ್ಳು ಹೇಳಿತು? ಎತ್ತರದಲ್ಲಿ ಒಂದೂವರೆ ಮೊಳ ಕಳೆದಿದೆ. ನೆರಳು ಇಮ್ಮಡಿ, ಆದ್ದರಿಂದ ನೆರಳಿನಲ್ಲಿ ಮೂರು ಮೊಳ ಕಳೆದಿದೆ. ಮೂರು ಮೊಳ ನೆರಳು ಎಲ್ಲಿ ಹೋಯಿತು? ಅವಳು ಕಂಬದ ತುದಿಯನ್ನು ನೋಡಿದಳು. ಅಲ್ಲಿಂದ ಕಣ್ಣನ್ನು ನೆಟ್ಟಗೆ ಕೆಳಗೆ ಇಳಿಸಿದಳು. ಮೇವು ಅಡ್ಡ ಬಂತು. ಕಂಬದ ಬುಡ ಬಣವೆಯ ಹೊಟ್ಟೆಯೊಳಗೆ ಇತ್ತು. ಚಪ್ಪರದ ಕಂಬಕ್ಕಾದರೆ ಬುಡ ಕಣ್ಣೆದುರಿಗೇ ಇತ್ತು, ಅಲ್ಲಿಂದಲೇ ಅವಳು ಅಳೆದಿದ್ದಳು. ಬಣವೆಯನ್ನು ಅಳೆದದ್ದು ಅಂಚಿನಿಂದ. ಕಂಬದ ನೆರಳು ಶುರುವಾಗುವುದು ಕಂಬದ ಬುಡದಿಂದ, ಬಣವೆಯ ಅಂಚಿನಿಂದಲ್ಲ. ಅವಳು ಹುರಿಯಿಂದ ಬಣವೆಯನ್ನು ಅಡ್ಡಕ್ಕೆ ಅಳೆದಳು. ಆರು ಮೊಳ ಅಗಲ. ಅಂಚಿನಿಂದ ನಡುವಿಗೆ ಮೂರು ಮೊಳ.

ಕಳೆದದ್ದು ಸಿಕ್ಕಿತು. ಅದು ಕಳೆದೇ ಇರಲಿಲ್ಲ, ಒಳಗಿತ್ತು.

ಅವಳು ಓಡಿದಳು. ಬೀದಿಯಲ್ಲಿ ಗೂಟ ಇದ್ದವು, ಅಪ್ಪ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವ ಕಣ್ಣೊರೆಸಿಕೊಂಡು ಗುಡಿಯ ಕಡೆ ಕೈ ತೋರಿಸಿದಳು.

ಗುಡಿಯ ಹಿಂದೆ ನೇಕಾರ ಮೊದಲನೆಯ ಗೊಂಬೆಯ ಮಂಡಿಯ ಮೇಲೆ ಕೈಯಿಟ್ಟು ನಿಂತಿದ್ದ. ಒಂದು ಕಾಲು ಇನ್ನೂ ನೆಲದ ಮೇಲಿತ್ತು. ಆ ಕಾಲನ್ನು ಅವನು ಎರಡು ಸಲ ಎತ್ತಿ ಮತ್ತೆ ನೆಲಕ್ಕೇ ಇಟ್ಟದ್ದನ್ನು ಮಗಳು ನೋಡಿದಳು. ಅಪ್ಪನಿಗೆ ಹೆದರಿಕೆ ಇದೆ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಅದುವರೆಗೆ ಅವನಿಗೆ ತಲೆ ತಿರುಗುವುದನ್ನು ಮಾತ್ರ ಅವಳು ಕಂಡಿದ್ದಳು.

“ಅಪ್ಪಾ, ಏರಬ್ಯಾಡ. ನೆರಳು ಸುಳ್ಳು ಹೇಳಿಲ್ಲ, ನಾ ಅಳದದ್ದು ತಪ್ಪು. ಕಲಶದ ಬುಡ ಗೋಡಿ ಹತ್ರ ಇಲ್ಲಪ್ಪಾ, ಒಳಗೈತಿ.”

ನೇಕಾರ ಇನ್ನೊಂದು ಕಾಲನ್ನೂ ಕೆಳಗಿಟ್ಟ. “ಒಳಗಂದ್ರ?”

“ದೇವರ ನೆತ್ತಿ ಮ್ಯಾಲ ಕಲಶ ಐತಿ. ಅದರ ನೆರಳು ದೇವರ ಹತ್ರದಿಂದ ಹೊಂಟು ಗೋಡಿ ದಾಟಿ ಬರತೈತಿ. ನಾ ಗೋಡಿಯಿಂದ ಈಚಿಗಿಂದಷ್ಟೇ ಅಳದೆ.”

ನೇಕಾರ ಗೋಡೆಯನ್ನು ನೋಡಿದ. ಆ ಕಾಲದಲ್ಲಿ ಅವರಂಥವರು ಗರ್ಭಗುಡಿಯೊಳಗೆ ಕಾಲಿಡುವಂತಿರಲಿಲ್ಲ. “ಒಳಗ ಹೋಗಿ ಅಳಿಯೋದು ಹ್ಯಾಂಗ?”

“ಹೋಗೋದು ಬ್ಯಾಡಪ್ಪಾ.”

ಅವಳು ಹಿಂದಿನ ಗೋಡೆಯನ್ನು ಮೂಲೆಯಿಂದ ಮೂಲೆಗೆ ಅಳೆದಳು. ಹನ್ನೆರಡು ಮೊಳ. ಪಕ್ಕದ ಗೋಡೆಯನ್ನು ಮಂಟಪ ಶುರುವಾಗುವ ತನಕ ಅಳೆದಳು. ಅದೂ ಹನ್ನೆರಡು. ಹಾಗಿದ್ದರೆ ಗುಡಿ ಚೌಕ. ಗಲಾಟೆ ಕೇಳಿ ಹೊರಗೆ ಬಂದ ಪೂಜಾರಿಯನ್ನು, “ಕಲಶ ದೇವರ ಮ್ಯಾಲ ನೆಟ್ಟಗ ಐತೇನ್ರಿ ಅಜ್ಜಾರ? ದೇವರು ನಟ್ಟನಡುವ ಅದಾರೇನ್ರಿ?” ಎಂದು ಕೇಳಿದಳು. ಪೂಜಾರಿ ಹೌದು ಎಂದ. ನಾಲ್ಕೂ ಗೋಡೆಗೆ ಸಮದೂರ ಎಂದ. ಹಿಂದಿನ ಗೋಡೆಯಿಂದ ದೇವರ ತನಕ ಆರು ಮೊಳ. ಒಳಗೆ ಹೋಗದೆ ಒಳಗನ್ನು ಅಳೆದದ್ದಾಯಿತು.

ಆಮೇಲೆ ಅವಳು ಹಿಂದಿನ ಗೋಡೆಯ ನಡುಮಧ್ಯದಲ್ಲಿ ಸುಣ್ಣದ ಗುರುತು ಹಾಕಿ, ಅಲ್ಲಿಂದ ಗೋಡೆಗೆ ನೇರವಾಗಿ ಅಂಗಳದುದ್ದಕ್ಕೂ ಹುರಿ ಎಳೆದಳು. ನೆರಳು ಗೋಡೆಗೆ ಓರೆಯಾಗಿ ಬಿದ್ದರೆ ಗೋಡೆಯೊಳಗೆ ಅಡಗಿದ ಭಾಗ ಆರು ಮೊಳಕ್ಕಿಂತ ಹೆಚ್ಚಾಗುತ್ತದೆ. ನೆಟ್ಟಗೆ ಬಿದ್ದರೆ ಮಾತ್ರ ಸರಿಯಾಗಿ ಆರು. ಬೆಳಗಿನಿಂದ ಕಲಶದ ನೆರಳು ಗಿಡ್ಡವಾಗುತ್ತಾ, ಜೊತೆಗೇ ತೆಂಕಣದಿಂದ ಬಡಗಣಕ್ಕೆ ಮೆಲ್ಲಗೆ ಜಾರುತ್ತಿತ್ತು. ಅದು ಹುರಿಯ ಮೇಲೆ ಬರುವ ತನಕ ಕಾಯಬೇಕಿತ್ತು. ಹುರಿಯ ಪಕ್ಕದಲ್ಲೇ ಕೋಲು ನಿಲ್ಲಿಸಿದಳು.

ಎರಡೂ ನೆರಳನ್ನು ಒಂದೇ ಗಳಿಗೆಯಲ್ಲಿ ಗುರುತಿಸಬೇಕು. ಸೂರ್ಯ ಯಾರಿಗೂ ನಿಲ್ಲುವವನಲ್ಲ. ಕೋಲಿನ ನೆರಳಿಗೆ ಗುರುತು ಹಾಕಿ, ಎದ್ದು ಹೋಗಿ ಕಲಶದ ನೆರಳಿಗೆ ಗುರುತು ಹಾಕುವಷ್ಟರಲ್ಲಿ ಅದು ಒಂದಿಷ್ಟು ಸರಿದಿರುತ್ತದೆ. ನಿನ್ನೆ ಅವಳು ಒಬ್ಬಳೇ ಓಡಾಡಿದ್ದಳು. ಇಂದು ಅಪ್ಪನ ಕೈಗೆ ಕಲ್ಲು ಕೊಟ್ಟು ಕಲಶದ ನೆರಳಿನ ತುದಿಯಲ್ಲಿ ಕೂರಿಸಿದಳು. ಬಿಳಿ ಬಟ್ಟೆ ಹಾಸಿದ್ದಾಯಿತು. ತಾನು ಕೋಲಿನ ನೆರಳಿನ ಬಳಿ ಕೂತಳು. ಇಬ್ಬರೂ ತಂತಮ್ಮ ಪಾಲಿನ ನೆರಳು ನೋಡುತ್ತಾ ಕೂತರು. ತಂದೆ ಮಗಳು ಒಂದೇ ಕೆಲಸಕ್ಕೆ ಹಾಗೆ ಎದುರುಬದುರು ಕೂತದ್ದು ಅದೇ ಮೊದಲು.

ಕಲಶದ ನೆರಳು ಹುರಿಯ ಮೇಲೆ ಬಂದಾಗ ನೇಕಾರ, “ಈಗ” ಎಂದ. ಇಬ್ಬರೂ ಕಲ್ಲಿಟ್ಟರು.

ಕೋಲಿನ ನೆರಳು ಮೂರು ಮೊಳ. ಎರಡು ಮೊಳದ ಕೋಲಿಗೆ ಮೂರು ಮೊಳದ ನೆರಳು, ಎಂದರೆ ನೆರಳನ್ನು ಮೂರು ಪಾಲು ಮಾಡಿ ಎರಡು ಪಾಲು ತೆಗೆದುಕೊಂಡರೆ ಎತ್ತರ. ಗೋಡೆಯಿಂದ ಕಲ್ಲಿಗೆ ಮೂವತ್ತೊಂಬತ್ತು ಮೊಳ. ಒಳಗಿನ ಆರು ಸೇರಿಸಿದರೆ ನಲವತ್ತೈದು. ಮೂರು ಪಾಲು ಮಾಡಿದರೆ ಪಾಲಿಗೆ ಹದಿನೈದು. ಎರಡು ಪಾಲಿಗೆ ಮೂವತ್ತು.

“ನಿನ್ನೆ ಇಪ್ಪತ್ತೇಳು ಅಂದಿದ್ದಿ” ಎಂದ ನೇಕಾರ.

ಬನವ್ವ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ತೋರಿಸಿದಳು. ನಿನ್ನೆ ನೆರಳು ಹೆಚ್ಚುಕಡಿಮೆ ನೆಟ್ಟಗೇ ಇತ್ತು. ನಿನ್ನೆಯ ಐವತ್ತನಾಲ್ಕಕ್ಕೆ ಆರು ಸೇರಿಸಿದರೆ ಅರವತ್ತು, ಅದರ ಅರ್ಧ ಮೂವತ್ತು. ಇಂದಿನದೂ ಮೂವತ್ತು. ಒಳಗಿನ ಆರು ಬಿಟ್ಟರೆ ನಿನ್ನೆ ಇಪ್ಪತ್ತೇಳು ಬರುತ್ತದೆ, ಇಂದು ಇಪ್ಪತ್ತಾರು. ಗೋಪುರ ಒಂದೇ ಇರುವಾಗ ಎತ್ತರ ದಿನಕ್ಕೊಂದು ಆಗಲು ಹೇಗೆ ಸಾಧ್ಯ? ಒಳಗಿನದನ್ನು ಸೇರಿಸಿದಾಗ ಮಾತ್ರ ಎರಡು ದಿನದ ಮಾತೂ ಒಂದೇ ಆಗುತ್ತದೆ.

ನೇಕಾರ ಒಂದೊಂದು ಗೆರೆಯ ಮೇಲೂ ಬೆರಳಿಟ್ಟು ನೋಡಿದ. ಆಮೇಲೆ ದಾರದ ಉಂಡೆಯನ್ನು ಎತ್ತಿಕೊಂಡು, ಮಗಳಿಗೆ, “ಮನಿಗೆ ನಡಿ. ನಾ ಊರ ಹಿರಿಯರ ಕಡೆ ಹೋಗಿ ಬರ್ತೀನಿ” ಎಂದ. ಅಷ್ಟೇ. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ.

ಸಂಜೆಯೊಳಗೆ ಅವನು ಗೂಟಗಳನ್ನು ಕಿತ್ತು ದೂರಕ್ಕೆ ನೆಟ್ಟ. ನೇಯುವಾಗ ನೂಲು ಸ್ವಲ್ಪ ಕುಗ್ಗುತ್ತದೆ, ಮಗ್ಗದ ಕೊನೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಮೂವತ್ತು ಮೊಳದ ಬಟ್ಟೆಗೆ ಮೂವತ್ತಮೂರು ಮೊಳದ ಹಾಸು ಹಾಕಿದ. ಎರಡು ತಿಂಗಳು ಕುಣಿಮಗ್ಗದಲ್ಲಿ ಕೂತು, ಸೆರಗು ನೆಲ ಮುಟ್ಟದಂತೆ ಮೂವತ್ತಕ್ಕೆ ಕೆಲವೇ ಬೆರಳು ಕಡಿಮೆ ನೇಯ್ದ. ಬನವ್ವ ಲಾಳಿಗೆ ನೂಲು ಸುತ್ತಿ ಕೊಟ್ಟಳು. ಅವನು ತೆಗೆದುಕೊಂಡ. ಆ ಎರಡು ತಿಂಗಳು ಮಗು ಸರಿಯಾಗಿ ಊಟ ಮಾಡಲಿಲ್ಲ. ಗಿಡ್ಡ ಬಂದರೆ ಅಪ್ಪನ ಮರ್ಯಾದೆ ಹೋಗುತ್ತದೆ. ನೇಯ್ಗೆಯ ಮನೆತನಕ್ಕೆ ಪಟದ ಕೆಲಸ ಮತ್ತೆ ಸಿಗುವುದಿಲ್ಲ. ಅಪ್ಪ ತನ್ನನ್ನು ನಂಬಿದ್ದಾನೋ, ಹತ್ತಲು ಹೆದರಿ ಸುಮ್ಮನಾದನೋ? ಇದನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಹಬ್ಬದ ವಾರ ಸಾರುವೆ ಎದ್ದಿತು. ಮೇಲಿನವರು ಬಿದಿರನ್ನು ಕಲಶದ ಮಟ್ಟಕ್ಕೆ ಹಿಡಿದು ಕಟ್ಟಿದರು. ಹಗ್ಗದಲ್ಲಿ ಪಟವನ್ನು ಸುರುಳಿಯಾಗಿ ಮೇಲೆತ್ತಿ, ಮೇಲಿನ ಸೆರಗು ಬಿಗಿದು, ಕೆಳಗೆ ಬಿಟ್ಟರು. ಪಟ ಬಿಚ್ಚಿಕೊಳ್ಳುತ್ತಾ ಇಳಿಯಿತು. ಬನವ್ವ ಕಣ್ಣು ಮುಚ್ಚಿಕೊಂಡಳು. ಊರೆಲ್ಲ ಒಮ್ಮೆಲೇ ಸದ್ದು ಮಾಡಿದಾಗ ತೆರೆದಳು.

ಕೆಳಗಿನ ಸೆರಗು ನೆಲದಿಂದ ನಾಲ್ಕು ಬೆರಳು ಮೇಲೆ ನಿಂತು ಅಲುಗುತ್ತಿತ್ತು.

ಜನ ಸೆರಗಿನ ಕೆಳಗೆ ಕೈ ಹಾಕಿ ನೋಡಿದರು. ಪೂಜಾರಿ ಬನವ್ವನ ತಲೆಯ ಮೇಲೆ ಹೂವಿಟ್ಟು, ಮೆಲ್ಲಗೆ ಒಂದು ಮಾತು ಹೇಳಿದ. “ಅವತ್ತು ನಿಮ್ಮಪ್ಪ ಹಿರಿಯರ ಮುಂದ ಬಂದು ಏನಂದ ಗೊತ್ತೇನವಾ? ಪಟ ಗಿಡ್ಡ ಆದ್ರ ಅಳತಿ ನಂದು ಅಂತ ಬರ್ಕೋರಿ, ಸರಿ ಆದ್ರ ನನ್ನ ಮಗಳದು ಅಂತ ಬರ್ಕೋರಿ, ಅಂದ. ಕೂಸಿನ ಕಿವಿಗೆ ಮಾತ್ರ ಹಾಕಬ್ಯಾಡ್ರಿ, ಗಿಡ್ಡ ಬಂದೀತು ಅಂತ ಹೆದರೀತು, ಅಂದ.”

ಬನವ್ವ ಜನರ ನಡುವೆ ಅಪ್ಪನನ್ನು ಹುಡುಕಿದಳು. ಅವನು ಎಲ್ಲರ ಹಿಂದೆ, ಗೋಡೆಗೆ ಒರಗಿ ನಿಂತಿದ್ದ.  ಎರಡು ತಿಂಗಳು ಒಂದೇ ಮನೆಯಲ್ಲಿ, ಒಂದೇ ಮಗ್ಗದ ಎರಡು ಬದಿಗೆ ಕೂತು, ಈ ಮಾತನ್ನು ಅವನು ಎದೆಯೊಳಗೆ ಇಟ್ಟುಕೊಂಡಿದ್ದ. ಅವಳು ಹೋಗಿ ಅವನ ಮುಂದೆ ನಿಂತಳು. ಅವನು ಅವಳನ್ನು ನೋಡಿದ. ಏನೋ ಹೇಳಲು ಹೊರಟವನ ಹಾಗೆ ಕಂಡ.

“ಬಿಸಲಾಗ ನಿಂದರಬ್ಯಾಡ. ಈ ಕಡೆ ಬಾ” ಎಂದ.

ಅವಳು ಅವನ ಪಕ್ಕಕ್ಕೆ ಹೋಗಿ ನಿಂತಳು. ಈ ಸಲ ಆ ಮಾತು ಅವಳಿಗೆ ಸಾಕಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಇನ್ನೂ ಇದೆಯೇನೋ ಎಂದು ಕಾದ. ಇನ್ನಿಲ್ಲ ಎಂದು ಗೊತ್ತಾದ ಮೇಲೆ ಹೇಳಿದ: “ಕತೆ ಚೆನ್ನಾಗಿದೆ ಗುರುಗಳೇ. ಆ ನೇಕಾರ ಹಿರಿಯರ ಮುಂದಾದರೂ ಒಂದು ಮಾತು ಆಡಿದ. ನನ್ನ ತಂದೆ ಯಾರ ಮುಂದೆಯೂ ಏನೂ ಹೇಳಲಿಲ್ಲವಲ್ಲ.”

ಗುರುಗಳು ಎದ್ದು, ಹೊದಿಕೆ ಹೆಗಲಿಗೆ ಹಾಕಿಕೊಂಡು, ಬಾಗಿಲ ತನಕ ಹೋಗಿ ಅಲ್ಲಿಂದಲೇ ಹೇಳಿದರು:

“ನಾಲ್ಕು ದಿನ ಬರಿಗಾಲಲ್ಲಿ ನಡೆದು ಬಂದು ಅಂಗಾಲೆಲ್ಲ ಬೊಬ್ಬೆ ಎದ್ದವರು ಬೇಗ ನಡೆಯಲಾರರು ಮಗು, ನಿನ್ನ ತಂದೆ ಇನ್ನೂ ಕೆರೆಯ ಏರಿ ದಾಟಿರಲಿಕ್ಕಿಲ್ಲ.”